ಐದು ಪಟ್ಟು ಕಬ್ಬಿಣ ಎಲ್ಲಿಂದ ಬಂತು?

"ಸರ್, ಕಬ್ಬಿಣದ ಮಾತ್ರೆಯನ್ನು ಕಾಲೇಜಿನ ಲ್ಯಾಬಿನಲ್ಲಿ ನಾನೇ ಪರೀಕ್ಷಿಸಿ 'ಲೇಬಲ್ ಹೇಳುವ ಸುಳ್ಳು' ಅಂತ ಲೇಖನ ಬರೆದಿದ್ದೇನೆ. ಅದು ಫೆರಸ್ ಆಸ್ಕಾರ್ಬೇಟ್ ಮಾತ್ರೆ. ಲೇಬಲ್ ಮೇಲೆ 100 ಮಿ.ಗ್ರಾಂ. ಕಬ್ಬಿಣ ಅಂತಿದೆ, ನನಗೆ ಸಿಕ್ಕಿದ್ದು 503. ಪ್ರಕಟಿಸುತ್ತೀರಾ?"

ಹೀಗೇ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಅಳತೆ ಅಚ್ಚುಕಟ್ಟಾಗಿದೆ, ತೀರ್ಮಾನ ತಪ್ಪಾಗಿದೆ.

ನಿಮ್ಮ ಲೆಕ್ಕವನ್ನು ನಾನೂ ಮಾಡಿ ನೋಡಿದೆ. ಒಂದು ಮಾತ್ರೆಯನ್ನು ಅರೆದು, ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ 250 ಮಿ.ಲೀ. ಮಾಡಿದ್ದೀರಿ. ಅದರಲ್ಲಿ 25 ಮಿ.ಲೀ. ತೆಗೆದುಕೊಂಡು, ಗುಲಾಬಿ ಬಣ್ಣ ನಿಲ್ಲುವವರೆಗೆ ಹನಿಸಿದಾಗ 0.005 ಮೋಲಾರ್ ಪರ್ಮಾಂಗನೇಟ್ 36 ಮಿ.ಲೀ. ಹಿಡಿದಿದೆ. ಅಂದರೆ 0.18 ಮಿಲಿಮೋಲ್. ಒಂದು ಪರ್ಮಾಂಗನೇಟ್ ಐದು ಫೆರಸ್ ಅಯಾನುಗಳನ್ನು ಫೆರಿಕ್ ಮಾಡುತ್ತದೆ, ಹಾಗಾಗಿ 0.9 ಮಿಲಿಮೋಲ್ ಕಬ್ಬಿಣ. 55.85ರಿಂದ ಗುಣಿಸಿದರೆ 50.3 ಮಿ.ಗ್ರಾಂ., ಇಡೀ ಮಾತ್ರೆಗೆ 503. ಗುಣಾಕಾರ ಸರಿಯಾಗಿಯೇ ಇದೆ.

ಆದರೆ ಪರ್ಮಾಂಗನೇಟ್ ಕಬ್ಬಿಣವನ್ನು ಮಾತ್ರ ಹುಡುಕಿಕೊಂಡು ಹೋಗುವುದಿಲ್ಲ. ಎಲೆಕ್ಟ್ರಾನ್ ಯಾರು ಕೊಟ್ಟರೂ ಕಸಿದುಕೊಳ್ಳುತ್ತದೆ. ಆಸ್ಕಾರ್ಬೇಟ್ ಎಂದರೆ ವಿಟಮಿನ್ ಸಿ ಅಲ್ವಾ? ಈ ಲವಣದಲ್ಲಿ ಒಂದು ಕಬ್ಬಿಣಕ್ಕೆ ಎರಡು ಆಸ್ಕಾರ್ಬೇಟ್ ಇವೆ. ಕಬ್ಬಿಣ ಕೊಡುವುದು ಒಂದು ಎಲೆಕ್ಟ್ರಾನ್, ಪ್ರತಿ ಆಸ್ಕಾರ್ಬೇಟ್ ಕೊಡುವುದು ಎರಡು. ಒಟ್ಟು ಐದು. ನಿಮ್ಮ ಉತ್ತರ ಲೇಬಲ್‌ಗಿಂತ ಐದು ಪಟ್ಟು ಬಂದದ್ದು ಇದಕ್ಕೇ. ನೀವು ಅಳೆದದ್ದರಲ್ಲಿ ಐದನೇ ನಾಲ್ಕು ಭಾಗ ವಿಟಮಿನ್ ಸಿ!

ನಿಮ್ಮ ಬರಹದಲ್ಲೇ ಇದರ ಸುಳಿವಿದೆ. ನಾಲ್ಕನೇ ಪುಟದಲ್ಲಿ "ಗುಲಾಬಿ ಬಣ್ಣ ಬಂದು, ಫ್ಲಾಸ್ಕ್ ಅಲ್ಲಾಡಿಸುವಷ್ಟರಲ್ಲಿ ಮತ್ತೆ ಮಾಯವಾಗುತ್ತಿತ್ತು" ಎಂದು ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಬರೀ ಕಬ್ಬಿಣ ಇದ್ದಿದ್ದರೆ ಆ ತಿಳಿ ಗುಲಾಬಿ ಅರ್ಧ ನಿಮಿಷವಾದರೂ ನಿಲ್ಲುತ್ತಿತ್ತು. ಮಾಸುತ್ತಿದೆ ಎಂದರೆ ಒಳಗೆ ಇನ್ನೇನೋ ನಿಧಾನವಾಗಿ ಉತ್ಕರ್ಷಣೆ ಆಗುತ್ತಿದೆ. ಇಡೀ ಲೇಖನದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಆ ಸಾಲು. ಲೇಖನವನ್ನು ಅಲ್ಲಿಂದಲೇ ಶುರು ಮಾಡಿ.

ಈಗ ಫೆರಸ್ ಸಲ್ಫೇಟ್ ಮಾತ್ರೆ ತಂದು ಇನ್ನೊಮ್ಮೆ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ. ಕಬ್ಬಿಣ ಇರುತ್ತದೆ. ಹೊರಗಿನ ಕೆಂಪು ಲೇಪವನ್ನು ನೀರಿನಲ್ಲಿ ಬೇಗ ತೊಳೆದು ತೆಗೆಯಿರಿ, ಇಲ್ಲದಿದ್ದರೆ ಗುಲಾಬಿ ಗುರುತು ಸಿಗುವುದಿಲ್ಲ. ಐದು ಮಾತ್ರೆಗಳನ್ನು 250 ಮಿ.ಲೀ.ಗೆ ಕರಗಿಸಿ 25 ಮಿ.ಲೀ. ತೆಗೆದರೆ, ಅದೇ ಪರ್ಮಾಂಗನೇಟ್ ಸುಮಾರು 21.5 ಮಿ.ಲೀ. ಹಿಡಿಯಬೇಕು. ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಮುಟ್ಟಬೇಡಿ, ಅದರ ಕ್ಲೋರೈಡ್ ಕೂಡ ಪರ್ಮಾಂಗನೇಟ್ ತಿನ್ನುತ್ತದೆ. ಸ್ವಲ್ಪ ಜಾಸ್ತಿ ಬಂದರೆ ಗಾಬರಿ ಬೇಡ. ಮಾತ್ರೆ ಕಟ್ಟಲು ಹಾಕಿದ ಪುಡಿಗಳೂ ತುಸು ಪರ್ಮಾಂಗನೇಟ್ ಎಳೆದುಕೊಳ್ಳಬಹುದು. ಔಷಧಗಳ ಗುಣಮಟ್ಟ ಹೇಳುವ ಗ್ರಂಥವಾದ ಬ್ರಿಟಿಷ್ ಫಾರ್ಮಕೋಪಿಯ ಫೆರಸ್ ಸಲ್ಫೇಟ್ ಮಾತ್ರೆಗೆ ಪರ್ಮಾಂಗನೇಟ್ ಬಿಟ್ಟು ಸೀರಿಯಂ ಲವಣ ಬಳಸುತ್ತದೆ.

ಎರಡೂ ಮಾತ್ರೆಗಳ ಬ್ಯೂರೆಟ್ ರೀಡಿಂಗ್‌ಗಳನ್ನು ಅಕ್ಕಪಕ್ಕ ಇಟ್ಟು ಬರೆಯಿರಿ. ಶೀರ್ಷಿಕೆ ಬದಲಿಸಿ, ಕಂಪನಿಯ ಹೆಸರು ತೆಗೆಯಿರಿ. ಹೊಸ ಪ್ರತಿ ಬಂದ ದಿನವೇ ಓದುತ್ತೇನೆ.