ಎದುರಾಳಿಗಳು ಗುಂಪುಗಟ್ಟಿ ರಿಪೋರ್ಟ್ ಮಾಡಿದರೆ ಸಾಕ್ಷಿ ಹೇಗೆ ಇಟ್ಟುಕೊಳ್ಳುವುದು?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಿಂದ ಇನ್‌ಸ್ಟಾಗ್ರಾಮಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಭಾನುವಾರ ಬೆಳಿಗ್ಗೆ ಮೂರು ಪೋಸ್ಟ್ ಮಾಯ, "ವಂಚನೆ" ಅಂತ ಕಾರಣ, ಖಾತೆಗೂ ನಿರ್ಬಂಧ. ಹಿಂದಿನ ರಾತ್ರಿ ಇನ್ನೊಬ್ಬ ಮಾರಾಟಗಾರರ ವಾಟ್ಸಾಪ್ ಗುಂಪಲ್ಲಿ "ಎಲ್ಲರೂ ಈ ಪೇಜ್ ರಿಪೋರ್ಟ್ ಮಾಡಿ" ಅಂತ ಬಂದಿತ್ತಂತೆ. ಪರಿಚಯದವರು ತೋರಿಸಿದರು. ಈಗ ಏನು ಮಾಡಲಿ?

ಉತ್ತರ: ಮೊದಲು, ಉಳಿದ ಪೋಸ್ಟ್‌ಗಳನ್ನು ಹೆದರಿ ಅಳಿಸಬೇಡಿ. ನಿಮ್ಮ ಕಡೆಯ ಸಾಕ್ಷಿ ಅವೇ. ಹೊಸ ಖಾತೆಯನ್ನೂ ತೆರೆಯಬೇಡಿ, ಅದು ನಿರ್ಬಂಧ ತಪ್ಪಿಸುವ ಪ್ರಯತ್ನದಂತೆ ಕಾಣುತ್ತದೆ.

ಯಾರು ರಿಪೋರ್ಟ್ ಮಾಡಿದರು ಅಂತ ಇನ್‌ಸ್ಟಾಗ್ರಾಮ್ ಹೇಳುವುದಿಲ್ಲ. ಕಾಪಿರೈಟ್ ದೂರಾಗಿದ್ದರೆ ದೂರು ಕೊಟ್ಟವರ ಹೆಸರು ಬರುತ್ತಿತ್ತು, ನಿಮ್ಮದು ಅದಲ್ಲ. ಹಾಗಾಗಿ "ಇಂಥವರೇ ಮಾಡಿದರು" ಅನ್ನುವುದರ ಹಿಂದೆ ಹೋದರೆ ಮೇಲ್ಮನವಿ ಸೋಲುತ್ತದೆ. ಪರಿಶೀಲಿಸುವವರು ನೋಡುವುದು ಪೋಸ್ಟ್ ನಿಯಮ ಮುರಿದಿದೆಯಾ ಅನ್ನುವುದನ್ನು. ಹಾಗಾಗಿ ವಂಚನೆ ಅಲ್ಲ ಅನ್ನುವುದನ್ನೇ ತೋರಿಸಿ: ನಿಮ್ಮ ಎಫ್‌ಎಸ್‌ಎಸ್‌ಎಐ ನೋಂದಣಿ, ಕೊರಿಯರ್ ರಸೀದಿ, ಹಣ ಬಂದ ದಾಖಲೆ, ಮಾಲು ತಲುಪಿತು ಅಂತ ಗಿರಾಕಿ ಹಾಕಿದ ಮೆಸೇಜು. ಫೋಟೋಗಳ ಮೂಲ ಫೈಲ್ ಫೋನಲ್ಲೇ ಇರಲಿ. ಯಾರಿಗಾದರೂ ಕಳಿಸುವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ತೆಗೆದ ದಿನ, ಸಮಯದ ಮಾಹಿತಿ ಅಳಿದುಹೋಗುತ್ತದೆ.

ಇನ್ನು ನಿರ್ಬಂಧ. ಇನ್‌ಸ್ಟಾಗ್ರಾಮಿನ Account Status ಪುಟ ತೆರೆದು, ಮೊದಲಿನಿಂದ ಕೊನೆಯವರೆಗೆ ಸ್ಕ್ರೀನ್ ರೆಕಾರ್ಡ್ ಮಾಡಿ. ಯಾವ ಪೋಸ್ಟ್, ಯಾವ ನಿಯಮ, ಯಾವ ದಿನ ಅನ್ನುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮೇಲ್ಮನವಿಯ ಬಟನ್ ಒತ್ತುವ ಮೊದಲು ಇದನ್ನು ಮುಗಿಸಿಬಿಡಿ, ಆಮೇಲೆ ಪುಟ ಬದಲಾಗಬಹುದು.

ಆ ವಾಟ್ಸಾಪ್ ಮೆಸೇಜು ನಿಮ್ಮ ಕೈಯಲ್ಲಿರುವ ಬೆಲೆಬಾಳುವ ವಸ್ತು, ಆದರೆ ನಿಮ್ಮ ಬಳಿ ಇರುವುದು ಫಾರ್ವರ್ಡ್ ಆದ ಸ್ಕ್ರೀನ್‌ಶಾಟ್ ಮಾತ್ರ, ಅಲ್ವಾ? ಅದಕ್ಕೆ ಜಾಸ್ತಿ ಬಲ ಇಲ್ಲ. ಗುಂಪಿನಲ್ಲಿರುವ ನಿಮ್ಮ ಪರಿಚಯದವರೇ ತಮ್ಮ ಫೋನಲ್ಲಿ ಗುಂಪಿನ ಹೆಸರು, ಕಳಿಸಿದವರ ನಂಬರ್, ದಿನಾಂಕ, ಹಿಂದುಮುಂದಿನ ಮೆಸೇಜುಗಳು ಕಾಣುವಂತೆ ರೆಕಾರ್ಡ್ ಮಾಡಿ, ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕು, ಮೂಲ ಚಾಟ್ ಅಳಿಸಬಾರದು. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಫೋನ್ ಯಾರ ಕೈಯಲ್ಲಿದೆಯೋ ಅವರ ಸಹಿ ಮುಖ್ಯ. ಇದಕ್ಕೆ ಒಪ್ಪುತ್ತಾರಾ ಅಂತ ಈಗಲೇ ಕೇಳಿಬಿಡಿ.

ಎಲ್ಲವನ್ನೂ ಒಂದು ಹಾಳೆಯಲ್ಲಿ ಸಮಯದ ಸಾಲಾಗಿ ಬರೆಯಿರಿ: ಶನಿವಾರ ರಾತ್ರಿ ಇಷ್ಟು ಗಂಟೆಗೆ ಮೆಸೇಜು, ಭಾನುವಾರ ಇಷ್ಟಕ್ಕೆ ಮೊದಲ ಪೋಸ್ಟ್ ಹೋಯಿತು. ಮೆಸೇಜು ಮೊದಲು, ನಿರ್ಬಂಧ ಆಮೇಲೆ ಅನ್ನುವ ಕ್ರಮ ಕಂಡರೆ ಅನುಮಾನಕ್ಕೆ ಆಧಾರ ಸಿಗುತ್ತದೆ, ಪೂರ್ತಿ ಸಾಬೀತು ಅಂತ ಮಾತ್ರ ಹೇಳಲಾಗದು.

ಮೇಲ್ಮನವಿ ತಿರಸ್ಕಾರವಾದರೆ ಈ ಹಾಳೆ ಸಮೇತ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಐಟಿ ನಿಯಮ 2021ರ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಅವರ ಉತ್ತರ ಸರಿಯಿಲ್ಲ ಅನಿಸಿದರೆ, ಅದು ಸಿಕ್ಕಿದ 30 ದಿನದೊಳಗೆ gac.gov.in ನಲ್ಲಿ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಉತ್ತರ ಬಂದ ದಿನವನ್ನು ಆ ಹಾಳೆಯಲ್ಲೇ ಗುರುತು ಹಾಕಿಕೊಳ್ಳಿ.