ತಾಟಿನ ದರಕ್ಕೆ ಯಾವ ಸಂಖ್ಯೆಯಿಂದ ಭಾಗಿಸಬೇಕು?

ಪ್ರಶ್ನೆ: ಮದುವೆ ಊಟದ ಆರ್ಡರ್ ಬಂದಿದೆ. ಸಾಮಾನಿನ ದರ, ಜನರ ಸಂಖ್ಯೆ ಎರಡೂ ಕೈಯಲ್ಲಿವೆ. ಒಂದು ತಾಟಿಗೆ ಎಷ್ಟು ಬೀಳುತ್ತದೆ ಎಂದು ಹೇಗೆ ತೆಗೆಯುವುದು?

ಬಾಗಲಕೋಟೆಯಲ್ಲಿ ನಾನು ಮೊದಲ ದೊಡ್ಡ ಗುತ್ತಿಗೆ ಹಿಡಿದಾಗ ನನ್ನ ಕೈಯಲ್ಲೂ ಇವೆರಡೇ ಇದ್ದವು. ಬೀಗರು 600 ಜನ ಎಂದಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಹೋಳಿಗೆ, ಅನ್ನ, ಸಾರು, ಮೊಸರು ಎಲ್ಲ ಸೇರಿ ಕಿರಾಣಿ ಮತ್ತು ಕಾಯಿಪಲ್ಲೆಗೆ 54,000 ರೂಪಾಯಿ, ಅಂದರೆ ತಾಟಿಗೆ 90 ರೂಪಾಯಿ ಬಿತ್ತು. ಅಡುಗೆಯವರು ಮತ್ತು ಬಡಿಸುವವರ ಕೂಲಿ, ಭಾಂಡೆ ಬಾಡಿಗೆ, ಗ್ಯಾಸ್, ಗಾಡಿ ಸೇರಿ 30,000, ಅಂದರೆ 50 ರೂಪಾಯಿ. ಅದರ ಮೇಲೆ 20 ರೂಪಾಯಿ ಲಾಭ ಇಟ್ಟು 160 ಎಂದು ಹೇಳಿದೆ. ಲೆಕ್ಕದಲ್ಲಿ ಒಂದು ಪೈಸೆಯೂ ತಪ್ಪಿರಲಿಲ್ಲ.

ತಪ್ಪಿದ್ದು ಮಾತಿನಲ್ಲಿ. ಉಂಡಷ್ಟು ತಾಟಿಗೆ ಮಾತ್ರ ಹಣ ಎಂಬ ಕರಾರಿಗೆ ನಾನು ತಲೆಯಾಡಿಸಿದ್ದೆ. ಅದೇ ಮುಹೂರ್ತಕ್ಕೆ ಪಕ್ಕದ ಊರಿನಲ್ಲಿ ಇನ್ನೊಂದು ಮದುವೆ ಇದ್ದುದರಿಂದ ಉಂಡವರು 450 ಜನ. ನನಗೆ ಬಂದದ್ದು 72,000, ಖರ್ಚಾದದ್ದು 84,000. ತಲೆಗೆ ಎರಡರಂತೆ ಹಿಂದಿನ ರಾತ್ರಿಯೇ ಬೇಯಿಸಿದ್ದ ಹೋಳಿಗೆಗಳಲ್ಲಿ 300 ಉಳಿದವು. ಬುಟ್ಟಿಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ತುಪ್ಪದ ಕಲೆ ಹರಡುತ್ತಿದ್ದುದನ್ನು ನೋಡುತ್ತ ನಿಂತಿದ್ದೆ. ನೂರೈವತ್ತು ಜನ ಬರಲಿಲ್ಲವೆಂದು ಕೂಲಿಯೂ ಕಡಿಮೆಯಾಗಲಿಲ್ಲ, ಕಡಲೆಬೇಳೆ, ಬೆಲ್ಲಗಳೂ ಅಂಗಡಿಗೆ ಮರಳಲಿಲ್ಲ.

ಆದ್ದರಿಂದ ಜನರ ಸಂಖ್ಯೆ ಗೊತ್ತಿದೆ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಮದುವೆಯಲ್ಲಿ ಅಡುಗೆ ಮಾಡುವ ಸಂಖ್ಯೆ ಬೇರೆ, ಎಷ್ಟೇ ಜನ ಬಂದರೂ ಹಣ ಕೊಡಲೇಬೇಕಾದ ಕನಿಷ್ಠ ಸಂಖ್ಯೆ ಬೇರೆ. ಸಾಮಾನನ್ನು ಮೊದಲನೆಯದರ ಮೇಲೆ ತೂಗಿಸಿ, ಒಟ್ಟು ಮೊತ್ತವನ್ನು ಎರಡನೆಯದರಿಂದ ಭಾಗಿಸಿ. ನನ್ನದೇ ಲೆಕ್ಕ ಹಿಡಿದರೆ 84,000 ಖರ್ಚಿಗೆ 12,000 ಲಾಭ ಕೂಡಿಸಿ 96,000 ಆಗುತ್ತದೆ. ಕನಿಷ್ಠ 500 ತಾಟು ಎಂದು ಬರೆಸಿಕೊಂಡಿದ್ದರೆ ದರ 192 ಆಗುತ್ತಿತ್ತು, 450 ಜನ ಉಂಡರೂ ನಾನು ಉಳಿಯುತ್ತಿದ್ದೆ. ಐನೂರರ ಮೇಲೆ ಉಂಡ ಪ್ರತಿ ತಾಟಿಗೂ ಅದೇ ದರ.

ಗಿರಾಕಿಗಳು 192 ದುಬಾರಿ ಎನ್ನುತ್ತಾರೆ. ಅವರು ಕನಿಷ್ಠ ಸಂಖ್ಯೆಯನ್ನು 600ಕ್ಕೆ ಏರಿಸಿದರೆ ಮಾತ್ರ 160ಕ್ಕೆ ಇಳಿಯಿರಿ, ಬರಿಯ ಚೌಕಾಸಿಗೆ ಇಳಿಯಬೇಡಿ. ಅನ್ನವನ್ನು ಮಾತ್ರ ಒಂದೇ ಸಲ ಬೇಯಿಸಬೇಡಿ. ಹೋಳಿಗೆ, ರೊಟ್ಟಿಗಳು ಮೊದಲೇ ಸಿದ್ಧವಾಗಿರಬೇಕು, ಅಕ್ಕಿಯನ್ನಾದರೆ ಎರಡನೆಯ ಪಂಕ್ತಿ ಏಳುವಾಗ ಚಪ್ಪರದಲ್ಲಿ ಉಳಿದವರನ್ನು ಎಣಿಸಿ ಮುಂದಿನ ಹಂಡೆಗೆ ಹಾಕಬಹುದು. ಬಿಚ್ಚದೆ ಉಳಿದ ಅಕ್ಕಿ ಚೀಲವನ್ನು ಮರಳಿ ತೆಗೆದುಕೊಳ್ಳುವಂತೆ ಅಂಗಡಿಯವರೊಡನೆ ಮೊದಲೇ ಮಾತಾಡಿಕೊಳ್ಳಿ.