ಅಂಕಪಟ್ಟಿಗಿಂತ ಮೊದಲು ಗೇಟ್ ರಿಜಿಸ್ಟರ್ ನೋಡಿ

"ನಮ್ಮ ಫ್ಯಾಕ್ಟರಿಯಲ್ಲಿ ಸಪ್ಲೈಯರ್‌ಗಳಿಗೆ ಡೆಲಿವರಿ, ಕ್ವಾಲಿಟಿ, ರೆಸ್ಪಾನ್ಸ್ ಅಂತ ಮೂರಕ್ಕೂ ಅಂಕ ಹಾಕಿ ರಿಪೋರ್ಟ್ ಮಾಡೋಕೆ ಹೇಳಿದಾರೆ. ಯಾವುದಕ್ಕೆ ಎಷ್ಟು ವೇಟೇಜ್ ಇಡ್ಬೇಕು? 75ಕ್ಕಿಂತ ಕಡಿಮೆ ಬಂದವರ ಕಾಂಟ್ರಾಕ್ಟ್ ರಿನ್ಯೂ ಮಾಡದೇ ಬಿಡಬಹುದಾ?"

ದಾವಣಗೆರೆ ಹತ್ತಿರದ ಒಂದು ಕೋಳಿ ಫೀಡ್ ಫ್ಯಾಕ್ಟರಿಯಲ್ಲಿ ನಾನು ಪರ್ಚೇಸ್ ನೋಡಿಕೊಳ್ಳುತ್ತಿದ್ದೆ. ನೀವು ಕೇಳಿರೋ ರಿಪೋರ್ಟನ್ನೇ ಒಂದು ಮಾರ್ಚ್ ತಿಂಗಳಲ್ಲಿ ಮಾಡಿ, ಅದೇ 75ರ ಗೆರೆ ಎಳೆದು, ನಮಗೆ ಇದ್ದ ಒಳ್ಳೆಯ ಚೀಲದ ಸಪ್ಲೈಯರ್‌ನನ್ನು ನಾನೇ ಕಳೆದುಕೊಂಡೆ.

ನಮಗೆ 50 ಕೆಜಿ ಫೀಡ್ ತುಂಬುವ ಪ್ಲಾಸ್ಟಿಕ್ ನೇಯ್ಗೆ ಚೀಲ ಇಬ್ಬರು ಕೊಡುತ್ತಿದ್ದರು. ಒಬ್ಬರು ಹರಿಹರದ ಕಡೆಯವರು, ಸಣ್ಣ ಯೂನಿಟ್, ಮಾಲೀಕರೇ ಎಲ್ಲ ನೋಡಿಕೊಳ್ಳೋರು. ಇನ್ನೊಬ್ಬರು ಬೆಂಗಳೂರಿನವರು, ದೊಡ್ಡ ಕಂಪನಿ. ಡೆಲಿವರಿಗೆ 40, ಕ್ವಾಲಿಟಿಗೆ 40, ರೆಸ್ಪಾನ್ಸಿಗೆ 20 ಅಂತ ಇಟ್ಟೆ. ಹರಿಹರದವರದ್ದು ವರ್ಷಕ್ಕೆ 24 ಲೋಡ್, ಅದರಲ್ಲಿ 15 ಮಾತ್ರ ಟೈಮಿಗೆ ಬಂದಿವೆ ಅಂತ ಕಂಪ್ಯೂಟರ್ ಹೇಳಿತು, 25 ಅಂಕ. ಕ್ವಾಲಿಟಿಗೆ 38, ರೆಸ್ಪಾನ್ಸಿಗೆ 10, ಒಟ್ಟು 73. ಬೆಂಗಳೂರಿನವರದ್ದು 20 ಲೋಡಿಗೆ 18 ಟೈಮಿಗೆ. ಅವರಿಗೆ 36, 36, 18, ಒಟ್ಟು 90. ಎರಡು ಅಂಕಕ್ಕೆ ಹರಿಹರದವರು ಗೆರೆ ಕೆಳಗೆ ಬಿದ್ದರು. ರಿನ್ಯೂ ಆಗಲಿಲ್ಲ.

ತಪ್ಪಾಗಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೀನಿ, ನೀವೂ ಇಲ್ಲೇ ಎಡವೋ ಸಾಧ್ಯತೆ ಜಾಸ್ತಿ. "ಟೈಮಿಗೆ ಬಂತು" ಅನ್ನೋದಕ್ಕೆ ಎರಡು ದಿನಾಂಕ ಬೇಕು: ಬರಬೇಕಾಗಿದ್ದು ಯಾವತ್ತು, ಬಂದಿದ್ದು ಯಾವತ್ತು. ಎರಡನ್ನೂ ನಾನು ಕಂಪ್ಯೂಟರ್‌ನಿಂದ ತೆಗೆದೆ, ಎರಡೂ ತಪ್ಪಿದ್ದವು.

ಬಂದ ದಿನಾಂಕ ಅಂತ ನಾನು ತೆಗೆದುಕೊಂಡಿದ್ದು ಜಿಆರ್‌ಎನ್ ದಿನಾಂಕ, ಅಂದರೆ ಸ್ಟೋರ್ಸಿನವರು ಮಾಲು ಸ್ವೀಕರಿಸಿದ್ದೇವೆ ಅಂತ ಎಂಟ್ರಿ ಹಾಕಿದ ದಿನ. ನಮ್ಮಲ್ಲಿ ಕ್ವಾಲಿಟಿಯವರು ಚೀಲ ತೂಕ ಮಾಡಿ, ಒಂದೆರಡಕ್ಕೆ ಫೀಡ್ ತುಂಬಿ ಎತ್ತಿ ಹಾಕಿ, ತಳದ ಹೊಲಿಗೆ ಬಿಚ್ಚಿಕೊಳ್ಳುತ್ತಾ ಅಂತ ನೋಡಿ ಪಾಸ್ ಮಾಡಿದ ಮೇಲೇ ಆ ಎಂಟ್ರಿ ಆಗೋದು. ಬೆಂಗಳೂರಿನ ಲಾರಿ ರಾತ್ರಿ ಹೊರಟು ಬೆಳಿಗ್ಗೆ ಬರೋದು, ಸ್ಟೋರ್ಸಿನವರು, ಕ್ವಾಲಿಟಿಯವರು ಎಲ್ಲ ಇರೋರು, ಅವತ್ತೇ ಎಂಟ್ರಿ. ಹರಿಹರದವರು ಹಗಲೆಲ್ಲ ಹೊಲಿಸಿ, ಸಂಜೆ ಟೆಂಪೋದಲ್ಲಿ ಕಳಿಸೋರು. ಅಷ್ಟೊತ್ತಿಗೆ ನಮ್ಮ ಸ್ಟೋರ್ಸ್ ಬೀಗ ಬಿದ್ದಿರೋದು. ಶನಿವಾರ ಸಂಜೆ ಬಂದ ಮಾಲಿಗೆ ಸೋಮವಾರ ಮಧ್ಯಾಹ್ನ ಎಂಟ್ರಿ. ತಡ ಮಾಡಿದ್ದು ನಾವು, ಅಂಕ ಹೋಗಿದ್ದು ಅವರದ್ದು.

ಬರಬೇಕಾದ ದಿನಾಂಕದ ಕಥೆ ಇದರ ಉಲ್ಟಾ. ಬೆಂಗಳೂರಿನವರು ಮಾಲು ರೆಡಿ ಇಲ್ಲದಾಗ ಮೊದಲೇ ಫೋನ್ ಮಾಡೋರು, "ಸರ್, ಇನ್ನೊಂದು ವಾರ ಕೊಡಿ" ಅಂತ. ನಾನೇ ಪರ್ಚೇಸ್ ಆರ್ಡರ್ ತೆರೆದು ದಿನಾಂಕ ಮುಂದೆ ಹಾಕ್ತಿದ್ದೆ. ಹಳೆಯ ದಿನಾಂಕ ಅಳಿಸಿಹೋಗಿ ಅದರ ಜಾಗದಲ್ಲಿ ಹೊಸದು ಕೂರೋದು. ಹೊಸ ದಿನಾಂಕಕ್ಕೆ ಮಾಲು ಬಂದರೆ ರಿಪೋರ್ಟಿನಲ್ಲಿ "ಆನ್ ಟೈಮ್". ಅವರ 18ರಲ್ಲಿ 7 ಲೋಡ್ ಹೀಗೆ ದಿನಾಂಕ ಜರುಗಿಸಿಕೊಂಡು ಬಂದಿದ್ದವು.

ಇದು ಗೊತ್ತಾಗಿದ್ದು ಅಕ್ಟೋಬರಿನಲ್ಲಿ. ಹೊಸ ಮೆಕ್ಕೆಜೋಳ ಮಾರ್ಕೆಟ್ಟಿಗೆ ಬರೋಕೆ ಶುರುವಾಗಿ ಮಿಲ್ ಪೂರ್ತಿ ಓಡ್ತಿತ್ತು. ಬೆಂಗಳೂರಿನಿಂದ ಚೀಲ ಬರಲಿಲ್ಲ. "ಇನ್ನೊಂದು ವಾರ" ಅಂದರು, ಆಮೇಲೆ ಇನ್ನೊಂದು ವಾರ ಅಂದರು. ಫೀಡ್ ಬಿನ್‌ನಲ್ಲೇ ಉಳಿಯಿತು, ಕೋಳಿ ಫಾರಂನವರು ಗಾಡಿ ತಂದು ಗೇಟಿನ ಹೊರಗೆ ನಿಂತಿದ್ದರು. ಪೇಟೆಯಲ್ಲಿ ಸಿಕ್ಕ ಸಾದಾ ಚೀಲ ಜಾಸ್ತಿ ರೇಟಿಗೆ ತಂದು ತುಂಬಿಸಿದೆವು. ಆ ಟೆನ್ಶನ್‌ನಲ್ಲಿ ಗೇಟಿನ ಹತ್ತಿರ ನಿಂತು, "ಹರಿಹರದವರೂ ಲೇಟು, ಇವರೂ ಲೇಟು" ಅಂದೆ. ವಾಚ್‌ಮನ್ ಅಜ್ಜ ಸುಮ್ಮನಿರಲಿಲ್ಲ. "ಅವರ ಗಾಡಿ ಯಾವತ್ತು ಲೇಟಾಗೈತ್ರೀ ಸರ್? ನಾನೇ ಗೇಟ್ ತೆಗ್ದೀನಲ್ರೀ" ಅಂದು, ಉದ್ದನೆಯ ರಿಜಿಸ್ಟರ್ ತೆಗೆದು ನನ್ನ ಮುಂದಿಟ್ಟ. ನೀಲಿ ಇಂಕಿನಲ್ಲಿ ಗಾಡಿ ನಂಬರ್, ಚಲನ್ ನಂಬರ್, ಟೈಮು, ಡ್ರೈವರ್ ಸಹಿ. ಸಂಜೆ 6.40, ಸಂಜೆ 7.10, ಸಾಲಾಗಿ ಹಾಗೇ ಇತ್ತು.

ಅವತ್ತು ರಾತ್ರಿ ಕೂತು ಪೂರ್ತಿ ಮತ್ತೆ ಲೆಕ್ಕ ಹಾಕಿದೆ. ಬಂದ ದಿನಾಂಕ ಗೇಟ್ ರಿಜಿಸ್ಟರಿನಿಂದ, ಬರಬೇಕಾದ ದಿನಾಂಕ ಮೊದಲು ಮೇಲ್ ಮಾಡಿದ ಆರ್ಡರ್ ಪ್ರತಿಯಿಂದ. ಹರಿಹರದವರದ್ದು 24ಕ್ಕೆ 22 ಟೈಮಿಗೆ ಬಂದಿತ್ತು, ಬೆಂಗಳೂರಿನವರದ್ದು 20ಕ್ಕೆ 11. ಬೇರೆ ಯಾವ ಅಂಕವನ್ನೂ ಮುಟ್ಟದೆ, ಬರೀ ಡೆಲಿವರಿ ತಿದ್ದಿದ್ದಕ್ಕೆ 73 ಇದ್ದದ್ದು 85 ಆಯಿತು, 90 ಇದ್ದದ್ದು 76ಕ್ಕೆ ಇಳಿಯಿತು.

ಅದಕ್ಕೇ ವೇಟೇಜ್ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. 40-40-20 ಬದಲು 50-30-20 ಇಟ್ಟಿದ್ದರೂ ಆ ದಿನಾಂಕಗಳ ಮೇಲೆ ಬೆಂಗಳೂರಿನವರೇ ಮುಂದೆ ಇರುತ್ತಿದ್ದರು. ಮೊದಲು ನಿಮ್ಮ ಸಿಸ್ಟಮ್‌ನಲ್ಲಿ ದಿನಾಂಕ ಎಲ್ಲಿಂದ ಬರುತ್ತೆ ನೋಡಿ. ಒಬ್ಬ ಸಪ್ಲೈಯರ್‌ನ ಐದು ಲೋಡ್ ತೆಗೆದು ಗೇಟ್ ರಿಜಿಸ್ಟರ್ ಜೊತೆ ತಾಳೆ ಹಾಕಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ಆರ್ಡರಿನಲ್ಲಿ ಒಪ್ಪಿದ ಮೊದಲ ದಿನಾಂಕಕ್ಕೆ ಬೇರೆ ಕಾಲಂ ಇಡಿ, ಅದನ್ನು ಯಾರೂ ತಿದ್ದಬಾರದು. ದಿನಾಂಕ ಜರುಗಿದರೆ ಯಾರು ಕೇಳಿದ್ದು ಅಂತ ಬರೆಯಿರಿ. ನಮ್ಮ ಗೋಡೌನ್ ತುಂಬಿದೆ ಅಂತ ನಾವೇ ಜರುಗಿಸಿದ್ದರೆ ಸಪ್ಲೈಯರ್ ಅಂಕ ಕಡಿಯೋದು ಅನ್ಯಾಯ.

ರೆಸ್ಪಾನ್ಸ್ ಅಂಕವನ್ನು ನಾನು ಮಾರ್ಚಿನಲ್ಲಿ ಕೂತು ನೆನಪಿನಿಂದ ಹಾಕಿದ್ದೆ. ಬೆಂಗಳೂರಿನ ಹುಡುಗ ಮೊದಲ ರಿಂಗಿಗೇ "ಹೇಳಿ ಸರ್" ಅನ್ನೋನು, ಹರಿಹರದವರು ಮಷೀನ್ ಸದ್ದಿನಲ್ಲಿ ಫೋನೇ ಎತ್ತೋರಲ್ಲ. ಆದರೆ ಹೊಲಿಗೆ ಬಿಟ್ಟ ಚೀಲದ ಬದಲಿ ಮಾಲು ಹರಿಹರದಿಂದ ಮರುದಿನ ಬಂದಿತ್ತು, ಬೆಂಗಳೂರಿನಿಂದ ಬರೋಕೆ 19 ದಿನ ಹಿಡಿದಿತ್ತು. ದೂರು ಕೊಟ್ಟ ದಿನದಿಂದ ಬದಲಿ ಮಾಲು ಗೇಟ್ ಒಳಗೆ ಬಂದ ದಿನದವರೆಗೆ ಎಣಿಸಿ. ಫೋನ್ ಎತ್ತಿದ್ದಕ್ಕೆ ಅಂಕ ಕೊಡಬೇಡಿ.

75ರ ಗೆರೆಗೆ ನನ್ನ ವಿರೋಧ ಇದೆ. ಗೆರೆಗಿಂತ ಕೆಳಗಿದ್ದವರ ಲೆಕ್ಕವನ್ನು ಮತ್ತೊಮ್ಮೆ ಪರಿಶೀಲಿಸೋಕೆ ಅದನ್ನು ಬಳಸಿ. ನೇರವಾಗಿ ಕಾಂಟ್ರಾಕ್ಟ್ ಕಡಿಯೋಕೆ ಬೇಡ.

ನವೆಂಬರಿನಲ್ಲಿ ಹರಿಹರಕ್ಕೆ ನಾನೇ ಹೋದೆ. ಮಾಲೀಕರು ಚಹಾ ತರಿಸಿದರು, ಬೈಯಲಿಲ್ಲ. ಫೈಲ್ ತೆಗೆದು ನಮ್ಮ ಗೇಟ್ ಸೀಲ್ ಬಿದ್ದ ಚಲನ್‌ಗಳನ್ನು ಟೇಬಲ್ ಮೇಲೆ ಹರವಿದರು. "ಮಾರ್ಚ್‌ನಾಗೆ ಆ ಹಾಳೆ ಒಂದ್ಸಲ ನನಗೆ ತೋರ್ಸಿದ್ರೆ ಇವನ್ನ ತಂದು ಕೊಡ್ತಿದ್ದೆ ಸರ್" ಅಂದರು. ಆ ಹೊತ್ತಿಗೆ ಅವರ ಮಷೀನ್ ಬೇರೆಯವರ ಆರ್ಡರಿಗೆ ಬುಕ್ ಆಗಿತ್ತು. ನಮಗೆ ಅರ್ಧ ಮಾಲು ಮಾತ್ರ ಕೊಡೋಕೆ ಒಪ್ಪಿದರು.

ಮುಂದಿನ ಮಾರ್ಚಿನಿಂದ, ಸಹಿಗೆ ಹೋಗೋ ಮೊದಲು ಕರಡು ಅಂಕಪಟ್ಟಿಯನ್ನು ಲೋಡ್‌ವಾರು ದಿನಾಂಕಗಳ ಸಮೇತ ಎಲ್ಲ ಸಪ್ಲೈಯರ್‌ಗಳಿಗೂ ಕಳಿಸಿ, ತಕರಾರಿಗೆ ಏಳು ದಿನ ಕೊಡೋಕೆ ಶುರು ಮಾಡಿದೆವು. ಮೊದಲ ವರ್ಷ ಮೂವರು ತಕರಾರು ಕಳಿಸಿದರು. ಇಬ್ಬರದ್ದು ಸರಿಯಿತ್ತು, ತಿದ್ದಿದೆವು. ಮೂರನೆಯವರ ಗಾಡಿ ಗೇಟ್ ರಿಜಿಸ್ಟರಿನಲ್ಲೂ ತಡವಾಗೇ ಬಂದಿತ್ತು, ಅವರ ಅಂಕ ಹಾಗೇ ಉಳಿಯಿತು.